ಮದುವೆ ಮನೆಯಲ್ಲಿ ಕಂಡಷ್ಟು: ನಮ್ಮ ಮದುವೆ ಫೋಟೊ ಸ್ಟುಡಿಯೊದ ಪೋರ್ಟ್‌ಫೋಲಿಯೊ ರೀಲ್‌ನ ಸ್ಕ್ರಿಪ್ಟ್

ಅವಧಿ 3 ನಿಮಿಷ, ಚೌಕಟ್ಟು 9:16. ನಿರೂಪಣೆ ನನ್ನದೇ ಧ್ವನಿಯಲ್ಲಿ, ಮಾತನಾಡುವ ವೇಗದಲ್ಲಿ.

ಎಡಿಟರ್‌ಗೆ: ಅಳುವ ದೃಶ್ಯಗಳನ್ನು ನಿಧಾನಗತಿಗೆ ಇಳಿಸಬೇಡಿ, ಅವುಗಳ ಕೆಳಗೆ ಪಿಟೀಲು ಹಾಕಬೇಡಿ. ತೋರಿಸಲು ಒಪ್ಪಿದ ಕುಟುಂಬಗಳ ದೃಶ್ಯಗಳು ಮಾತ್ರ ಇರಲಿ.

0:00
ದೃಶ್ಯ: ಮಧ್ಯಾಹ್ನದ ಹಂದರ. ಮದುಮಗನ ಮುಖ, ಹತ್ತಿರದಿಂದ. ಕೂಲರ್‌ನ ಸದ್ದು ಹಾಗೆಯೇ ಇರಲಿ.
ಧ್ವನಿ: ಕಲಬುರಗಿ, ಮೇ ತಿಂಗಳು. ಬಿಸಿಲು 42 ಡಿಗ್ರಿ. ಬಾಸಿಂಗ ಜಾರುತ್ತಿದೆ, ಅರಿಶಿಣ ಬೆವರಿನ ಜೊತೆ ಹುಬ್ಬಿಗಿಳಿದಿದೆ. ಕಂಪ್ಯೂಟರಿನಲ್ಲಿ ಈ ಬೆವರನ್ನು ಒರೆಸಬಹುದಿತ್ತು, ಒರೆಸಿಲ್ಲ. ಮದುವೆ ನಡೆದದ್ದು ಬೇಸಿಗೆಯಲ್ಲಿ.

0:20
ದೃಶ್ಯ: ಸುರಗಿ, ನೀರೆರೆಯುವ ಶಾಸ್ತ್ರ. ನಾಲ್ಕು ಮೂಲೆಗೆ ತಂಬಿಗೆ, ಸುತ್ತಲೂ ನೂಲು. ಕ್ಯಾಮೆರಾ ನೂಲಿನ ಆಚೆಗೇ ನಿಂತಿದೆ.
ಧ್ವನಿ: ಇದು ಮನೆಯವರ ಜಾಗ. ನಾವು ನೂಲು ದಾಟುವುದಿಲ್ಲ. ಸ್ವಲ್ಪ ದೂರದಿಂದ ಕಂಡರೂ ಪರವಾಗಿಲ್ಲ, ಹಾಡುವವರ ಹಾಡು ನಿಲ್ಲಬಾರದು.

0:38
ದೃಶ್ಯ: ಅಂತರಪಟ ಸರಿಯುತ್ತದೆ, ಅಕ್ಕಿಕಾಳು ಬೀಳುತ್ತವೆ. ತಕ್ಷಣ ಹಿಂದಿನ ಸಾಲಿನ ಅಜ್ಜಿಗೆ ಕಟ್.
ಧ್ವನಿ: ಎಲ್ಲ ಕ್ಯಾಮೆರಾಗಳೂ ಮದುಮಕ್ಕಳ ಕಡೆಗಿದ್ದವು, ಒಂದು ಮಾತ್ರ ಈ ಅಜ್ಜಿಯ ಕಡೆಗಿತ್ತು. ಅವರು ಎಸೆದ ಕಾಳು ಅಷ್ಟು ದೂರ ಹೋಗಲಿಲ್ಲ, ಮುಂದೆ ಕುಳಿತವರ ರುಮಾಲಿನ ಮೇಲೆ ಬಿತ್ತು. ಹಾರೈಕೆ ತಲುಪಿತೆಂದು ಅವರು ನಂಬಿದ್ದಾರೆ. ನಾವೂ ಹಾಗೆಯೇ ನಂಬಿದೆವು.

0:58
ದೃಶ್ಯ: ಬೇಗಬೇಗನೆ ಮೂರು ತುಣುಕು. ಬೀದರಿನ ನಿಕಾಹ್‌ನಲ್ಲಿ ಸಹಿ ಮಾಡುವ ಬೆರಳು. ಕಲಬುರಗಿಯ ಬೌದ್ಧ ವಿವಾಹದಲ್ಲಿ ಬಿಳಿ ಸೀರೆಯ ವಧು, ಹಿಂದೆ ಬುದ್ಧ ಮತ್ತು ಬಾಬಾಸಾಹೇಬರ ಪಟ. ಯಾದಗಿರಿಯ ಹಳ್ಳಿಯಲ್ಲಿ ಮದುಮಕ್ಕಳನ್ನು ಹೊತ್ತ ಟ್ರ್ಯಾಕ್ಟರ್.
ಧ್ವನಿ: ಪದ್ಧತಿ ಬೇರೆ ಬೇರೆ. ಯಾವುದರಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಹಿಂದಿನ ದಿನವೇ ಹಿರಿಯರಿಂದ ಕೇಳಿ ತಿಳಿದುಕೊಳ್ಳುತ್ತೇವೆ.
(ಬೀದರ್ ಕೋಟೆ ಹಿನ್ನೆಲೆಯಲ್ಲಿ ಕಂಡರೆ ಸಾಕು. ಸಂರಕ್ಷಿತ ಸ್ಮಾರಕದ ಮೇಲೆ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಬೇರೆಯವರು ತೆಗೆದ ದೃಶ್ಯ ಸೇರಿಸುವುದೂ ಬೇಡ.)

1:15
ದೃಶ್ಯ: ಭೂಮದ ಊಟ. ತಟ್ಟೆಯಲ್ಲಿ ಗೋಧಿ ಹುಗ್ಗಿ. ಸುತ್ತಲೂ ಹೆಂಗಸರು, ಒಡಪು ಹೇಳೆಂದು ಒತ್ತಾಯ. ಮೂಲ ಧ್ವನಿ 12 ಸೆಕೆಂಡು, ಕತ್ತರಿಸದೆ.
ಧ್ವನಿ: ಗಂಡನ ಹೆಸರು ಸೇರಿಸಿ ಒಡಪು ಹೇಳದೆ ತುತ್ತಿಲ್ಲ ಎಂದರು. ಬೆಳ್ಳಿ ಬಟ್ಟಲು, ಬಿಳಿ ಜೋಳ ಎಂದು ಮದುಮಗಳು ಶುರು ಮಾಡಿದಳು, ಮುಂದಿನದು ಮರೆತುಹೋಯಿತು. ಹಿಂದಿನಿಂದ ಅತ್ತಿಗೆ ಪಿಸುಗುಟ್ಟಿದರು, ಅದು ಬೇರೆ ಒಡಪಿನ ಸಾಲು. ಕೊನೆಗೆ ಪ್ರಾಸವಿಲ್ಲದೆ ಬರಿಯ ಹೆಸರನ್ನೇ ಹೇಳಿದಳು. ಎದ್ದ ನಗೆಯಲ್ಲಿ ಆ ಹೆಸರು ಮೈಕಿಗೆ ಸಿಗಲೇ ಇಲ್ಲ. ಮತ್ತೊಮ್ಮೆ ಹೇಳಮ್ಮಾ ಎಂದು ಕೇಳುವ ಛಾಯಾಗ್ರಾಹಕರಿದ್ದಾರೆ, ಎರಡನೆಯ ಸಲ ಅದು ನಟನೆಯಾಗುತ್ತದೆ. ನಮಗೆ ಆ ನಗೆಯೇ ಸಾಕಿತ್ತು.

1:52
ದೃಶ್ಯ: ಮಗಳನ್ನು ಕಳುಹಿಸುವ ಹೊತ್ತು. ಬಾಗಿಲ ಬಳಿ ಗುಂಪು. ಕ್ಯಾಮೆರಾ ನಿಧಾನವಾಗಿ ಎಡಕ್ಕೆ ತಿರುಗಿ ಟೆಂಪೊ ತೋರಿಸುತ್ತದೆ. ಸಂಗೀತ ಪೂರ್ತಿ ಬಂದ್.
ಧ್ವನಿ: ತಾಯಿ, ಚಿಕ್ಕಮ್ಮ, ಅಕ್ಕಂದಿರು ಎಲ್ಲರೂ ಕಾರಿನ ಬಳಿ. ತಂದೆ ಇಲ್ಲಿದ್ದಾರೆ, ಬಾಡಿಗೆ ಪಾತ್ರೆಗಳ ಹತ್ತಿರ. ಸಂಜೆಯೊಳಗೆ ತಟ್ಟೆಗಳನ್ನು ಹಿಂತಿರುಗಿಸಬೇಕು, ಎಣಿಸುತ್ತಿದ್ದಾರೆ. (ನಿಲುಗಡೆ. ತಟ್ಟೆಗಳ ಸದ್ದು.) ಕಾರಿನ ಬಾಗಿಲು ಹಾಕಿದ ಸದ್ದು ಬಂತು. ಎಣಿಕೆ ತಪ್ಪಿತು. ಒಂದರಿಂದ ಮತ್ತೆ ಶುರು ಮಾಡಿದರು. ಅವರು ಅತ್ತರೆಂದು ನಾನು ಹೇಳುವುದಿಲ್ಲ, ನಾನು ಕಂಡದ್ದು ಇಷ್ಟು. ಆಮೇಲೆ ಮಗಳೇ ಕಾರಿನಿಂದಿಳಿದು ಅವರ ಬಳಿ ಬಂದಳು. ಆಗ ನಾವು ಕ್ಯಾಮೆರಾ ಕೆಳಗಿಳಿಸಿದೆವು. ಆ ಭಾಗ ನಮ್ಮಲ್ಲಿ ಇಲ್ಲ.

2:35
ದೃಶ್ಯ: ಸ್ಟುಡಿಯೊ. ಮೇಜಿನ ಮೇಲೆ ಆಲ್ಬಂ, ಪುಟ ತಿರುಗಿಸುವ ಕೈಗಳು.
ಧ್ವನಿ: ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಬರುತ್ತೇವೆ. ಮೈಬಣ್ಣ ಬಿಳಿ ಮಾಡಿಕೊಡುವುದಿಲ್ಲ, ದಯವಿಟ್ಟು ಕೇಳಬೇಡಿ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಒಮ್ಮೆ ಬನ್ನಿ, ಬೇಸಿಗೆಯ ಮುಹೂರ್ತಗಳು ಒಂದೇ ದಿನ ಬೀಳುತ್ತವೆ, ನಾವು ದಿನಕ್ಕೆ ಒಂದೇ ಮದುವೆ ಹಿಡಿಯುತ್ತೇವೆ. ಬರುವಾಗ ನಿಮ್ಮ ತಂದೆ ತಾಯಿಯ ಮದುವೆಯ ಆಲ್ಬಂ ಇದ್ದರೆ ತನ್ನಿ. ಮನೆಯವರು ಯಾವ ಫೋಟೊದ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬುದನ್ನು ನೋಡಿಯೇ ನಿಮ್ಮ ಕೆಲಸದ ಪಟ್ಟಿ ಮಾಡುತ್ತೇವೆ.