ಸ್ವವಿವರ: ದೈಹಿಕ ಶಿಕ್ಷಕಿ ಹುದ್ದೆಗೆ

ಹೆಸರು: ಎಂ. ಸವಿತಾ
ವಯಸ್ಸು: 31
ಊರು: ಮಂಡ್ಯ (ಮೈಸೂರಿಗೆ ಬಂದು ನೆಲೆಸಲು ಸಿದ್ಧ)

ನನ್ನ ಬಗ್ಗೆ
12 ವರ್ಷ ಖೋ-ಖೋ ಆಡಿದ್ದೇನೆ. ಜಿಲ್ಲಾ ತಂಡದಲ್ಲೂ ವಿಶ್ವವಿದ್ಯಾನಿಲಯದ ತಂಡದಲ್ಲೂ ಇದ್ದೆ. 2019ರಲ್ಲಿ ಮಂಡಿಗೆ ಪೆಟ್ಟಾಯಿತು, ಆಟ ನಿಲ್ಲಿಸಿ ಕೋಚ್ ಆದೆ. ಆಡುವುದಕ್ಕಿಂತ ಕಲಿಸುವುದೇ ನನಗೆ ಜಾಸ್ತಿ ಇಷ್ಟ ಅಂತ ಗೊತ್ತಾಗಿದ್ದು ಆಗಲೇ.

ಕೋಚ್ ಕೆಲಸ: 2019ರಿಂದ ಇಲ್ಲಿಯವರೆಗೆ, ಮಂಡ್ಯ
10ರಿಂದ 16 ವರ್ಷದ 40 ಮಕ್ಕಳಿಗೆ ಕಲಿಸುತ್ತಿದ್ದೇನೆ. ಬೆಳಿಗ್ಗೆ 6ಕ್ಕೆ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದರಿಂದ ಹಿಡಿದು ಪೋಷಕರ ಸಭೆ ನಡೆಸುವವರೆಗೆ ಎಲ್ಲವೂ ನನ್ನದೇ ಜವಾಬ್ದಾರಿ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹಾಜರಿ, ಓಟದ ಸಮಯ, ಆದ ಪೆಟ್ಟು, ಶಾಲೆಯ ಪರೀಕ್ಷೆ ದಿನ ಎಲ್ಲ ಅದರಲ್ಲಿರುತ್ತದೆ. ಪರೀಕ್ಷೆ ಹತ್ತಿರ ಬಂದರೆ ಅಭ್ಯಾಸ ಕಡಿಮೆ ಮಾಡುತ್ತೇನೆ.

ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ. ಅವರು ಸುಮ್ನೆ ಕೂತಿರುವುದಲ್ಲ, 'ಖೋ' ಅಂದ ಕೂಡಲೇ ಏಳಬೇಕು. ತರಗತಿಯಲ್ಲಿ ಹಿಂದೆ ಕೂರುವ ಮಕ್ಕಳನ್ನೂ ನಾನು ಹಾಗೇ ನೋಡುತ್ತೇನೆ. ಒಬ್ಬ ಹುಡುಗಿಗೆ ಜೋರಾಗಿ 'ಖೋ' ಅನ್ನಲೂ ಹೆದರಿಕೆ. ಮೂರು ತಿಂಗಳು ದಿನಾ ಕಂಬದ ಹತ್ತಿರ ನಿಲ್ಲಿಸಿ ಹೇಳಿಸಿದೆ. ಈಗ ಅವಳೇ ತಂಡದ ನಾಯಕಿ.

ಓದು
ಬಿ.ಎ., 2015, ಬಿ.ಪಿ.ಇಡಿ., 2017. ಎರಡೂ ಮೈಸೂರು ವಿಶ್ವವಿದ್ಯಾನಿಲಯ.

ಇತರೆ
ವಾಲಿಬಾಲ್, ಕಬಡ್ಡಿ, ಯೋಗ ಕಲಿಸಬಲ್ಲೆ. ಪ್ರಥಮ ಚಿಕಿತ್ಸೆ ತರಬೇತಿ ಆಗಿದೆ. ಎಕ್ಸೆಲ್ ಬರುತ್ತದೆ. ಕನ್ನಡ ಚೆನ್ನಾಗಿ, ಇಂಗ್ಲಿಷ್ ಪಾಠ ಮಾಡುವಷ್ಟು.

ಮೇಲಿನ ವಿವರಗಳೆಲ್ಲ ನಿಜ. ಕರೆದರೆ ಮಕ್ಕಳ ನೋಟ್‌ಬುಕ್‌ಗಳನ್ನೂ ತಂದು ತೋರಿಸುತ್ತೇನೆ.

ಎಂ. ಸವಿತಾ
ಮಂಡ್ಯ