ಮೆಸೇಜ್ ಹೋಗಿ ನೋಟಿಸ್ ಬಂತು: ಬಾಡಿಗೆ, ರಿಪೇರಿ ಕುರಿತ ಐದು ಪತ್ರಗಳು

ಬೆಂಗಳೂರಿನ ವಿಜಯನಗರದ ಮೂರು ಮಹಡಿಯ ಕಟ್ಟಡ. ಬಾಡಿಗೆ ವಸೂಲಿ, ರಿಪೇರಿ ಎಲ್ಲ ಒಬ್ಬ ಏಜೆಂಟರ ಕೈಯಲ್ಲಿ. ಅವರು ವಾಟ್ಸಾಪ್‌ನಲ್ಲಿ ಹಾಕಲು ಬರೆದಿಟ್ಟಿದ್ದ ಮೆಸೇಜುಗಳು ಮೇಲೆ, ಅದರ ಜಾಗದಲ್ಲಿ ಹೋಗಬೇಕಾದ ನೋಟಿಸ್ ಕೆಳಗೆ.

ಮೂಲ, ಮನೆ 301ಕ್ಕೆ: "ಏನ್ ಸಾರ್ ಬಾಡಿಗೆ ಪೂರ್ತಿ ಹಾಕಿಲ್ಲ, ಗೀಸರ್‌ದು ನೀವೇ ಕಟ್ ಮಾಡ್ಕೊಂಡ್ರೆ ಹೆಂಗೆ? ಓನರ್ ನನ್ ಮೇಲೆ ಕೂಗಾಡ್ತಾರೆ. ಇವತ್ತೇ ಹಾಕಿ, ಇಲ್ಲಾಂದ್ರೆ ಕರೆಂಟ್ ತೆಗೆಸ್ತೀನಿ."

ಮೊದಲು ತೆಗೆದುಹಾಕಬೇಕಾದದ್ದು ಕೊನೆಯ ವಾಕ್ಯ. ಕರೆಂಟು, ನೀರು ನಿಲ್ಲಿಸುತ್ತೇನೆ ಎಂದು ಬರೆದುಕೊಟ್ಟರೆ, ನಾಳೆ ಜಗಳ ಠಾಣೆಗೋ ಕೋರ್ಟಿಗೋ ಹೋದಾಗ ಬಾಡಿಗೆದಾರರು ಮೊದಲು ತೋರಿಸುವುದೇ ಆ ಸ್ಕ್ರೀನ್‌ಶಾಟ್. ಓನರ್ ಕೂಗಾಡಿದ್ದು ಬಾಡಿಗೆದಾರರಿಗೆ ಬೇಕಿಲ್ಲದ ಸುದ್ದಿ. ಬೇಕಾದದ್ದು ಲೆಕ್ಕ, ಆ ಲೆಕ್ಕವೇ ಮೆಸೇಜಿನಲ್ಲಿ ಇಲ್ಲ.

> ದಿನಾಂಕ: 07-11-2025
> ಮನೆ ಸಂಖ್ಯೆ 301ರ ಬಾಡಿಗೆದಾರರಿಗೆ
> ವಿಷಯ: ನವೆಂಬರ್ ತಿಂಗಳ ಬಾಡಿಗೆ ಬಾಕಿ
>
> ಮಾನ್ಯರೇ,
> ನವೆಂಬರ್ ಬಾಡಿಗೆ ರೂ. 24,000 ಮತ್ತು ನಿರ್ವಹಣಾ ಶುಲ್ಕ ರೂ. 1,500, ಒಟ್ಟು ರೂ. 25,500ನ್ನು 5ನೇ ತಾರೀಖಿನೊಳಗೆ ಪಾವತಿಸಬೇಕಿತ್ತು. 06-11-2025ರಂದು ಯುಪಿಐ ಮೂಲಕ ರೂ. 22,000 ಬಂದಿದೆ. ಬಾಕಿ ರೂ. 3,500.
>
> ಗೀಸರ್ ರಿಪೇರಿಗೆ ರೂ. 1,850 ಖರ್ಚಾಗಿದೆ ಎಂದು ತಿಳಿಸಿದ್ದೀರಿ. ಎಲಿಮೆಂಟ್ ಮತ್ತು ಥರ್ಮೋಸ್ಟ್ಯಾಟ್ ಬದಲಾವಣೆಯ ಖರ್ಚು ಮಾಲೀಕರದ್ದು. ಬಿಲ್ ಹಾಗೂ ತೆಗೆದ ಹಳೆಯ ಭಾಗದ ಫೋಟೋವನ್ನು ಇದೇ ಸಂಖ್ಯೆಗೆ ಕಳಿಸಿದರೆ ಆ ಮೊತ್ತ ವಜಾ ಮಾಡುತ್ತೇವೆ. ಆಗ ನೀವು ಕೊಡಬೇಕಾದದ್ದು ರೂ. 1,650 ಮಾತ್ರ. ಬಿಲ್ ಇಲ್ಲದಿದ್ದರೆ ಪೂರ್ತಿ ರೂ. 3,500 ಪಾವತಿಸಬೇಕು.
>
> ದಯವಿಟ್ಟು 10-11-2025, ಸೋಮವಾರದೊಳಗೆ ಬಾಕಿ ತೀರಿಸಿ. ಆ ನಂತರ ಕರಾರಿನಂತೆ ದಿನಕ್ಕೆ ರೂ. 50 ವಿಳಂಬ ಶುಲ್ಕ ಸೇರುತ್ತದೆ. ಇನ್ನು ಮುಂದೆ ರಿಪೇರಿ ಮಾಡಿಸುವ ಮೊದಲು ನಮಗೆ ತಿಳಿಸಿ. ತಿಳಿಸದೆ ಬಾಡಿಗೆಯಲ್ಲಿ ಹಿಡಿದುಕೊಳ್ಳಬೇಡಿ.
>
> ಮಾಲೀಕರ ಪರವಾಗಿ,
> ಮನೆ ನಿರ್ವಹಣೆ

ಮೂಲ, ಮನೆ 203ಕ್ಕೆ: "ಮೇಡಂ ನಿಮ್ ಬಾತ್‌ರೂಮಿಂದ ಕೆಳಗಡೆ ನೀರ್ ಸೋರ್ತಿದೆ, 103ರವ್ರು ತಲೆ ತಿಂತಿದಾರೆ. ನಾಳೆ ಪ್ಲಂಬರ್ ಬರ್ತಾನೆ, ಒಡೀಬೇಕಾಗುತ್ತೆ, ಮನೇಲಿರಿ."

ಎಷ್ಟು ಹೊತ್ತಿಗೆ, ಎಷ್ಟು ಒಡೆಯುತ್ತಾರೆ, ಎಷ್ಟು ದಿನ ಬಾತ್‌ರೂಮ್ ಇಲ್ಲ, ದುಡ್ಡು ಯಾರದು? ಒಂದಕ್ಕೂ ಉತ್ತರವಿಲ್ಲ. ಜೊತೆಗೆ ಪರೀಕ್ಷೆಗೆ ಮೊದಲೇ "ನಿಮ್ಮ ಬಾತ್‌ರೂಮಿನಿಂದ" ಎಂದರೆ ತಪ್ಪು ಹೊರಿಸಿದಂತೆ. ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಾಗದೆ ಟೈಲ್ಸ್ ಒಡೆದರೆ ಖರ್ಚು ಎರಡಾಗುತ್ತದೆ, ಸೋರಿಕೆ ಹಾಗೇ ಉಳಿಯುತ್ತದೆ.

> ದಿನಾಂಕ: 10-11-2025
> ಮನೆ ಸಂಖ್ಯೆ 203ರ ಬಾಡಿಗೆದಾರರಿಗೆ
> ವಿಷಯ: ಬೆಡ್‌ರೂಮ್ ಬಾತ್‌ರೂಮಿನ ಸೋರಿಕೆ ಪರೀಕ್ಷೆ ಮತ್ತು ರಿಪೇರಿ
>
> ಮಾನ್ಯರೇ,
> ನಿಮ್ಮ ಬೆಡ್‌ರೂಮ್ ಬಾತ್‌ರೂಮಿನ ಕೆಳಗೆ, ಮನೆ 103ರ ಚಾವಣಿಯಲ್ಲಿ ತೇವ ಕಾಣಿಸಿಕೊಂಡಿದೆ. ಕಾರಣ ಪತ್ತೆ ಮಾಡಲು ಪ್ಲಂಬರ್ 13-11-2025, ಗುರುವಾರ ಬೆಳಗ್ಗೆ 10 ಗಂಟೆಗೆ ಬರುತ್ತಾರೆ. ಆ ದಿನ ಏನನ್ನೂ ಒಡೆಯುವುದಿಲ್ಲ.
>
> ಪರೀಕ್ಷೆ ಹೀಗೆ: ನೆಲದ ನೀರು ಹೊರಗೆ ಹೋಗುವ ನಹನಿ ಟ್ರ್ಯಾಪ್ ಮುಚ್ಚಿ ನೆಲದ ಮೇಲೆ ಸುಮಾರು ಒಂದು ಇಂಚು ನೀರು ನಿಲ್ಲಿಸಿ 4 ಗಂಟೆ ಬಿಡುತ್ತಾರೆ. ಆಗ ಕೆಳಗೆ ಹನಿ ಬಿದ್ದರೆ ನೆಲದ ಟೈಲ್ಸ್ ಸಂದುಗಳದ್ದು ತೊಂದರೆ. ಟ್ರ್ಯಾಪ್ ತೆರೆದು ನೀರು ಹರಿಯಬಿಟ್ಟ ಮೇಲೆ ಮಾತ್ರ ಹನಿ ಬಿದ್ದರೆ ಟ್ರ್ಯಾಪ್ ಅಥವಾ ಅದರ ಕೆಳಗಿನ ಪೈಪಿನ ಜೋಡಣೆಯದ್ದು. ಎರಡೂ ಅಲ್ಲದಿದ್ದರೆ ಗೋಡೆಯೊಳಗಿನ ನೀರಿನ ಪೈಪಿಗೆ ಪ್ರೆಷರ್ ಟೆಸ್ಟ್ ಮಾಡುತ್ತಾರೆ.
>
> ಸಂದುಗಳದ್ದಾದರೆ ಹಳೆಯ ಸಿಮೆಂಟ್ ಕೆರೆದು ಎಪಾಕ್ಸಿ ತುಂಬುತ್ತಾರೆ: ಒಂದು ದಿನದ ಕೆಲಸ, ಆಮೇಲೆ 24 ಗಂಟೆ ನೆಲಕ್ಕೆ ನೀರು ತಾಗಬಾರದು. ಟ್ರ್ಯಾಪ್‌ನದ್ದಾದರೆ ಸುತ್ತಲಿನ ನಾಲ್ಕು ಟೈಲ್ಸ್ ತೆಗೆಯಬೇಕು. ವಾಟರ್‌ಪ್ರೂಫಿಂಗ್ ಒಣಗುವುದೂ ಸೇರಿ ಮೂರು ದಿನ. ಆ ದಿನಗಳಲ್ಲಿ ಹಾಲ್ ಪಕ್ಕದ ಬಾತ್‌ರೂಮ್ ಬಳಸಿಕೊಳ್ಳಿ. ಹೊಸ ಟೈಲ್ಸ್ ಬಣ್ಣ ಹಳೆಯದಕ್ಕೆ ಸರಿಯಾಗಿ ಹೊಂದದಿರಬಹುದು. ಕೆಲಸದ ದಿನವನ್ನು ನಿಮ್ಮನ್ನು ಕೇಳಿಯೇ ನಿಗದಿ ಮಾಡುತ್ತೇವೆ.
>
> ಪೂರ್ತಿ ಖರ್ಚು ಮಾಲೀಕರದ್ದು. ಗುರುವಾರ ಬೆಳಗ್ಗೆ ಬಕೆಟ್, ವಾಷಿಂಗ್ ಮೆಷಿನ್, ನೆಲದ ಮೇಲಿನ ಸಾಮಾನು ಹೊರಗಿಡಿ. ಮನೆಯಲ್ಲಿ ಯಾರೂ ಇರುವುದಿಲ್ಲವಾದರೆ ಬುಧವಾರ ಸಂಜೆಯೊಳಗೆ ತಿಳಿಸಿ, ಬೇರೆ ದಿನ ನೋಡೋಣ. ನಿಮ್ಮ ಅನುಮತಿಯಿಲ್ಲದೆ ನಮ್ಮಲ್ಲಿರುವ ಕೀಲಿ ಬಳಸುವುದಿಲ್ಲ.
>
> ಮಾಲೀಕರ ಪರವಾಗಿ,
> ಮನೆ ನಿರ್ವಹಣೆ

ಕೆಳಗಿನ ಮನೆಗೆ ಮೆಸೇಜೇ ಇರಲಿಲ್ಲ. ದೂರು ಕೊಟ್ಟವರಿಗೆ ಏನೂ ಹೇಳದೆ ಬಿಟ್ಟರೆ ಅವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುವುದು ಸಹಜ.

> ದಿನಾಂಕ: 10-11-2025
> ಮನೆ ಸಂಖ್ಯೆ 103ರ ಬಾಡಿಗೆದಾರರಿಗೆ
> ವಿಷಯ: ಚಾವಣಿಯ ತೇವ
>
> ಮಾನ್ಯರೇ,
> ನಿಮ್ಮ ದೂರು ದಾಖಲಾಗಿದೆ. ಗುರುವಾರ, 13ರಂದು ಮೇಲಿನ ಮನೆಯಲ್ಲಿ ಪರೀಕ್ಷೆ ನಡೆಯುತ್ತದೆ. 10ರಿಂದ 3 ಗಂಟೆವರೆಗೆ ನಿಮ್ಮ ಮನೆಯ ಚಾವಣಿಯನ್ನೂ ನೋಡಬೇಕಾಗುತ್ತದೆ. ತೇವ ಲೈಟ್ ಅಥವಾ ಫ್ಯಾನ್ ಪಾಯಿಂಟಿನ ಹತ್ತಿರ ಬಂದರೆ ಸ್ವಿಚ್ ಮುಟ್ಟಬೇಡಿ. ಕೈ ಒಣಗಿದ್ದು, ಎಂಸಿಬಿ ಇರುವ ಬೋರ್ಡ್ ಒದ್ದೆಯಾಗಿಲ್ಲದಿದ್ದರೆ ಮಾತ್ರ ಆ ಕೋಣೆಯ ಎಂಸಿಬಿ ಇಳಿಸಿ. ಹೇಗಿದ್ದರೂ ಕೂಡಲೇ ಫೋನ್ ಮಾಡಿ. ಸೋರಿಕೆ ನಿಂತ ಮೇಲೆ ಪ್ಲಾಸ್ಟರ್ ಪೂರ್ತಿ ಒಣಗಬೇಕು, ಅದಕ್ಕೆ ಎರಡು ಮೂರು ವಾರ ಬೇಕಾಗಬಹುದು. ಹಸಿ ಗೋಡೆಗೆ ಬಣ್ಣ ಹೊಡೆದರೆ ಮತ್ತೆ ಏಳುತ್ತದೆ, ಆದ್ದರಿಂದ ಬಣ್ಣದ ಕೆಲಸ ಆಮೇಲೆ. ಅದರ ಖರ್ಚೂ ಮಾಲೀಕರದ್ದೇ.
>
> ಮಾಲೀಕರ ಪರವಾಗಿ,
> ಮನೆ ನಿರ್ವಹಣೆ

ಮೂಲ, ಗ್ರೂಪಿಗೆ: "ಬುಧವಾರ ಟ್ಯಾಂಕ್ ಕ್ಲೀನಿಂಗ್, ನೀರ್ ಬರಲ್ಲ, ಹಿಡಿದಿಟ್ಕೊಳಿ 🙏"

ಇದು ಪರವಾಗಿಲ್ಲ, ವಿವರ ಸೇರಿಸಿದರೆ ಸಾಕು.

> ಎಲ್ಲ ಮನೆಗಳಿಗೆ: 19-11-2025, ಬುಧವಾರ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್ ಶುಚಿಗೊಳಿಸುವುದರಿಂದ ನೀರು ಇರುವುದಿಲ್ಲ. ಬೆಳಗ್ಗೆ 9ರೊಳಗೆ ಬೇಕಾದಷ್ಟು ನೀರು ತುಂಬಿಟ್ಟುಕೊಳ್ಳಿ. ಗೀಸರ್ ಸ್ವಿಚ್ ಆಫ್ ಮಾಡಿ. ಒಳಗೆ ನೀರಿಲ್ಲದ ಗೀಸರ್ ಹಾಕಿದರೆ ಎಲಿಮೆಂಟ್ ಸುಡಬಹುದು. ಹೊರಗೆ ಹೋಗುವವರು ಎಲ್ಲ ನಲ್ಲಿ ಮುಚ್ಚಿದೆಯೇ ನೋಡಿ. ನೀರು ಮತ್ತೆ ಬಂದಾಗ ಮಣ್ಣಿನ ಬಣ್ಣವೋ ಬ್ಲೀಚಿಂಗ್ ವಾಸನೆಯೋ ಇದ್ದರೆ, ಅದು ಹೋಗುವವರೆಗೆ ಹರಿಯಬಿಡಿ. ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ.

ಮೂಲ, ಮನೆ 202ಕ್ಕೆ: "ಜನವರಿಯಿಂದ 24 ಕೊಡಿ, ಏರಿಯಾ ರೇಟ್ ಅದೇ. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೊಳಿ."

ಈಗಿನ ಬಾಡಿಗೆ 22,000. ಕರಾರಿನಲ್ಲಿ ನವೀಕರಣಕ್ಕೆ ಶೇ. 5 ಎಂದು ಬರೆದಿರುವಾಗ ನೋಟಿಸಿನಲ್ಲಿ 24,000 ಕೇಳುವಂತಿಲ್ಲ. ಅಷ್ಟು ಬೇಕೆಂದರೆ ಮಾಲೀಕರು ಎದುರು ಕೂತು ಮಾತಾಡಬೇಕು.

> ದಿನಾಂಕ: 15-11-2025
> ಮನೆ ಸಂಖ್ಯೆ 202ರ ಬಾಡಿಗೆದಾರರಿಗೆ
> ವಿಷಯ: ಬಾಡಿಗೆ ಕರಾರಿನ ನವೀಕರಣ
>
> ಮಾನ್ಯರೇ,
> 01-02-2025ರಿಂದ ಆರಂಭವಾದ 11 ತಿಂಗಳ ಕರಾರು 31-12-2025ಕ್ಕೆ ಮುಗಿಯುತ್ತದೆ. ಮುಂದುವರಿಯುವುದಾದರೆ ಕರಾರಿನಂತೆ ಶೇ. 5 ಹೆಚ್ಚಳ ಸೇರಿ 01-01-2026ರಿಂದ ಬಾಡಿಗೆ ರೂ. 23,100. ಈಗಿರುವ ರೂ. 1,50,000 ಅಡ್ವಾನ್ಸ್ ಹಾಗೇ ಮುಂದುವರಿಯುತ್ತದೆ, ಹೆಚ್ಚಿಗೆ ಕೊಡಬೇಕಿಲ್ಲ. ಹೊಸ ಕರಾರಿನ ಸ್ಟ್ಯಾಂಪ್ ಪೇಪರ್ ಮತ್ತು ಟೈಪಿಂಗ್ ಖರ್ಚು ಇಬ್ಬರಿಗೂ ಅರ್ಧರ್ಧ.
>
> ಮುಂದುವರಿಯುತ್ತೀರೋ ಖಾಲಿ ಮಾಡುತ್ತೀರೋ ಎಂಬುದನ್ನು 30-11-2025ರೊಳಗೆ ಬರಹದಲ್ಲಿ ತಿಳಿಸಿ. ವಾಟ್ಸಾಪ್ ಉತ್ತರವೂ ಸಾಕು. ಖಾಲಿ ಮಾಡುವುದಾದರೆ ಕೀಲಿ ಕೊಡುವ ದಿನವೇ ಮನೆಯನ್ನು ಒಟ್ಟಿಗೆ ನೋಡಿ, ಅಡ್ವಾನ್ಸ್‌ನಿಂದ ಏನೇನು ಕಡಿತವಾಗುತ್ತದೆ ಎಂದು ಪಟ್ಟಿ ಬರೆದು ಇಬ್ಬರೂ ಸಹಿ ಹಾಕೋಣ.
>
> ಮಾಲೀಕರ ಪರವಾಗಿ,
> ಮನೆ ನಿರ್ವಹಣೆ