ಅಡಿಕೆ ಬೆಳೆಗಾರರ ಸಮ್ಮೇಳನ, ಶಿರಸಿ: ಕೈಪಿಡಿಯ ಕಾರ್ಯಕ್ರಮ ಪುಟ

ಮುದ್ರಣ ನೋಡಿಕೊಳ್ಳುವ ಅಣ್ಣನಿಗೆ,

ನೋಂದಣಿ ಆ್ಯಪ್‌ನಿಂದ ಬಂದ ಹನ್ನೊಂದು ದಾಖಲೆಗಳಲ್ಲಿ ಮೂರು ಹೀಗಿದ್ದವು:

```json
[
{"id":7,"start":"2026-05-09T08:45:00Z","min":75,"title":"ದೋಟಿ"},
{"id":2,"start":"2026-05-09T04:30:00Z","min":60,"title":"ಕೊಳೆ ರೋಗ"},
{"id":4,"start":"2026-05-09T06:00:00Z","min":75,"title":"ಕೆಂಪು, ಚಾಲಿ"}
]
```

ಕೊನೆಯ `Z` ಅಂದರೆ ಗ್ರೀನ್‌ವಿಚ್ ಸಮಯ. ಐದೂವರೆ ಗಂಟೆ ಕೂಡಿಸಿ, ಆಮೇಲೆ `start` ನೋಡಿ ಜೋಡಿಸಿದ್ದೇನೆ. ಹಾಗೇ ಅಚ್ಚು ಹಾಕಿದ್ದರೆ ಜನ ಬೆಳಗಿನ ನಾಲ್ಕೂವರೆಗೆ ಕೊಳೆ ರೋಗದ ಪಾಠಕ್ಕೆ ಬರಬೇಕಿತ್ತು! `id` ಕೈಪಿಡಿಗೆ ಬೇಡ. ಇನ್ನು ಮುಂದಿನದು ಅಚ್ಚಿಗೆ.

ಶನಿವಾರ, 9 ಮೇ 2026

ಬೆಳಿಗ್ಗೆ 8.45 ನೋಂದಣಿ, ತಿಂಡಿ.

9.30 ಉದ್ಘಾಟನೆ. ಅರ್ಧ ಗಂಟೆ ಮಾತ್ರ. ಹಾರ-ತುರಾಯಿ ಇಲ್ಲ.

10.00 – 11.00 ಕೊಳೆ ರೋಗ: ಮಳೆಗೆ ಮೊದಲಿನ ಔಷಧಿ. *ಸಭಾಭವನ.*
ಶೇ. 1ರ ಬೋರ್ಡೋ ದ್ರಾವಣವನ್ನು ವೇದಿಕೆಯಲ್ಲೇ ಮಾಡಿ ತೋರಿಸುತ್ತೇವೆ. ಅಳತೆ ಎಲ್ಲರಿಗೂ ಗೊತ್ತಿದ್ದದ್ದೇ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಡವುವುದು ಬೆರೆಸುವಾಗ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು. ಹೊಳೆಯುವ ಚೂರಿ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು. ನಿಮ್ಮ ಮನೆಯ ಸುಣ್ಣ ಒಂದು ಹಿಡಿ ತನ್ನಿ, ಪರೀಕ್ಷೆ ಮಾಡೋಣ. ಕೊಟ್ಟೆ ಕಟ್ಟುವವರ ಅನುಭವವೂ ಇಲ್ಲೇ.

11.00 ಕಷಾಯ, ಅರ್ಧ ಗಂಟೆ.

11.30 – 12.45 ಕೆಂಪೋ, ಚಾಲಿಯೋ? *ಸಭಾಭವನ.*
ಎಳೆಯದನ್ನು ಕೊಯ್ದು ಸುಲಿದು ಬೇಯಿಸುವುದೋ, ಹಣ್ಣಾಗಿಸಿ ಅಂಗಳದಲ್ಲಿ ಒಣಗಿಸುವುದೋ? ಕೆಲಸದವರ ಲೆಕ್ಕ, ಒಣಗಲು ಬೇಕಾದ ಬಿಸಿಲು, ಚೊಗರಿನ ಬಣ್ಣ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದರಿಂದ ಬೆಳೆಗಾರನಿಗೆ ಏನು ಬಂತು ಎಂಬ ಪ್ರಶ್ನೆಗೂ ಸಮಯ ಇಟ್ಟಿದ್ದೇವೆ.

ಮಧ್ಯಾಹ್ನ 12.45 ಊಟ. ತಂಬುಳಿ, ಅಪ್ಪೆಹುಳಿ ಇದೆ. ಊಟ ಮಾಡಿ ಕಣ್ಣು ಮುಚ್ಚುವವರಿಗೂ ಒಂದೂವರೆ ಗಂಟೆ ಸಾಕು, ಅಲ್ವಾ?

2.15 – 3.30 ಎರಡು ಗೋಷ್ಠಿ ಒಟ್ಟಿಗೇ ನಡೆಯುತ್ತವೆ. ಒಂದನ್ನು ಆರಿಸಿಕೊಳ್ಳಿ.
*ತೋಟದಲ್ಲಿ:* ದೋಟಿಯಿಂದ ಕೊನೆ ಕೊಯ್ಲು. ನೆಲದಲ್ಲೇ ನಿಂತು ಔಷಧಿ ಹೊಡೆಯುವುದನ್ನೂ ಕಲಿಯಬಹುದು. ವಿದ್ಯುತ್ ತಂತಿಯಿಂದ ದೂರ ಇರುವುದು ಮೊದಲ ಪಾಠ. ಟೊಪ್ಪಿ ತನ್ನಿ.
*ಸಭಾಭವನದಲ್ಲಿ:* ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು ಕೊಡುವ ಬೆಟ್ಟ ಬೋಳಾದರೆ ಏನು ಮಾಡುವುದು?

3.30 ಚಹಾ. ತೋಟಕ್ಕೆ ಹೋದವರು ಕೈಕಾಲು ತೊಳೆದು ಬನ್ನಿ.

3.45 – 4.45 ಮುಕ್ತ ಚರ್ಚೆ: ಕೊನೆಗಾರರು ಸಿಗದ ಕಾಲ. *ಸಭಾಭವನ.*
ಭಾಷಣ ಇಲ್ಲ. ಮರ ಹತ್ತುವ ಕೊನೆಗಾರರೇ ಮೊದಲು ಮಾತನಾಡುತ್ತಾರೆ, ತೋಟದ ಯಜಮಾನರು ಆಮೇಲೆ. ವಿಮೆ, ಕೂಲಿ, ಹಗ್ಗ, ಎಲ್ಲವೂ ಬರಲಿ.

4.45 ವಂದನೆ. ಯಲ್ಲಾಪುರ, ಸಿದ್ದಾಪುರ ಕಡೆಯವರು ಬಸ್ಸಿನ ಸಮಯವನ್ನು ನೋಂದಣಿ ಮೇಜಿನಲ್ಲಿ ಕೇಳಿಕೊಳ್ಳಿ.